ಪೈಪಿನೊಳಗಿನ ಹಸಿರು ಚಿಂದಿ

ನನ್ನ ಕೆಲಸದಲ್ಲಿ ನನಗಿಂತ ಮೊದಲು ಅನುಮಾನ ಮನೆಯೊಳಗೆ ಹೋಗಿ ಕೂತಿರುತ್ತದೆ. ವಾಡಿಯ ಕಾರ್ಮಿಕರ ಕ್ವಾರ್ಟರ್ಸಿನಲ್ಲಿ ಹುಟ್ಟಿ ಬೆಳೆದವನು ನಾನು. ಐ.ಟಿ.ಐ. ಮುಗಿಸಿ, ಕಲಬುರಗಿಯ ಒಂದು ಅಂಗಡಿಯಲ್ಲಿ ಎ.ಸಿ. ರಿಪೇರಿ ಕಲಿತು, ಆಮೇಲೆ ಒಂದು ಬೈಕು, ಒಂದು ಚೀಲ ಇಟ್ಟುಕೊಂಡು ಒಬ್ಬನೇ ತಿರುಗುತ್ತಿದ್ದೇನೆ. ವಾಡಿ, ಶಹಾಬಾದ, ಚಿತ್ತಾಪುರ, ಸೇಡಂ ನನ್ನ ಊರುಗಳು. ಬೇಸಿಗೆ ಜೋರಾದರೆ ಸೇಡಂ ಆಚೆಯ ಚಂದಾಪುರದ ಅಂಗಡಿಗಳಿಂದಲೂ ಫೋನು ಬರುತ್ತದೆ. ಎಲ್ಲಿಗೆ ಹೋದರೂ ಮೊದಲ ಮಾತು ಒಂದೇ: ಹಿಂದೆ ಬಂದಿದ್ದ ಮೆಕ್ಯಾನಿಕ್ ಏನೋ ಮಾಡಿ ಹೋಗ್ಯಾನ. ಗ್ಯಾಸ್ ತೆಗೆದುಕೊಂಡು ಹೋಗ್ಯಾನ, ಒಳಗಿನ ಸಾಮಾನು ಬದಲಿ ಮಾಡ್ಯಾನ. ನಾನು ಸ್ಕ್ರೂ ಬಿಚ್ಚುವಾಗ ಮನೆಯವರೊಬ್ಬರು ಪಕ್ಕದಲ್ಲಿ ನಿಂತು ನನ್ನ ಕೈಯನ್ನೇ ನೋಡುತ್ತಿರುತ್ತಾರೆ. ಮೊದಮೊದಲು ಬೇಜಾರಾಗುತ್ತಿತ್ತು. ಆಮೇಲೆ ನನಗೂ ಅದೇ ಚಟ ಹತ್ತಿತು. ನೀರು ಸೋರಿದರೆ ಸಾಕು, ಇದು ಯಾರ ಕೆಲಸ ಅಂತ ಹುಡುಕುವುದು. ಆ ಚಟ ನನ್ನನ್ನು ಎಲ್ಲಿಗೆ ತಂದು ನಿಲ್ಲಿಸಿತು ಅನ್ನುವುದನ್ನು ಹೇಳಬೇಕು.

ಶಹಾಬಾದದ ಒಂದು ಗಲ್ಲಿಯಲ್ಲಿ ನಿವೃತ್ತ ಮಾಸ್ತರೊಬ್ಬರ ಎರಡಂತಸ್ತಿನ ಮನೆಯಿದೆ. ಮೇಲೆ ಮಾಸ್ತರು ಮತ್ತು ಅವರ ಹೆಂಡತಿ ಇರುತ್ತಾರೆ. ಕೆಳಗೆ ಬಾಡಿಗೆಗೆ ಒಬ್ಬ ಅಕ್ಕ ಇದ್ದಳು. ಮುಂದಿನ ಕೋಣೆಯಲ್ಲಿ ಹೊಲಿಗೆ ಮಷೀನ್ ಹಾಕಿಕೊಂಡು ಬ್ಲೌಜು ಹೊಲಿಯುತ್ತಿದ್ದಳು. ಅವಳ ಗಂಡ ಸಿಮೆಂಟ್ ಸಾಗಿಸುವ ಟ್ಯಾಂಕರ್ ಓಡಿಸುತ್ತಾನೆ, ತಿಂಗಳಲ್ಲಿ ಇಪ್ಪತ್ತು ದಿನ ರಸ್ತೆಯ ಮೇಲೇ. ಗಲ್ಲಿಗೆಲ್ಲ ನಮ್ಮ ಕಡೆಯ ಫರ್ಸಿ ಕಲ್ಲು ಹಾಸಿದ್ದಾರೆ. ಮಾಸ್ತರ ಬೆಡ್‌ರೂಮಿನ ಎ.ಸಿ.ಯ ನೀರಿನ ಪೈಪು ಗೋಡೆ ತೂರಿ ಹೊರಗೆ ಬಂದು, ಕೆಳಗಿನ ಅಕ್ಕನ ಬಾಗಿಲ ಪಕ್ಕಕ್ಕೆ ಎದೆಯ ಎತ್ತರದಲ್ಲಿ ಜೋತು ಬಿದ್ದಿತ್ತು. ಅಲ್ಲಿಂದ ನೀರು ನೇರ ಫರ್ಸಿಯ ಮೇಲೆ ಬೀಳುತ್ತಿತ್ತು.

ಆ ಪೈಪನ್ನು ಹಾಕಿದವನು ನಾನಲ್ಲ. ಆದರೆ ಮೂರು ವರ್ಷದಿಂದ ಸರ್ವಿಸ್ ಮಾಡುತ್ತಿದ್ದವನು ನಾನು. ಅದು ಹಾಗೆ ಜೋತು ಬಿದ್ದದ್ದನ್ನು ನೋಡಿಯೂ ಏನೂ ಹೇಳದೆ ಬಿಟ್ಟವನೂ ನಾನೇ.

ಎ.ಸಿ.ಯಿಂದ ನೀರು ಯಾಕೆ ಬರುತ್ತದೆ ಅಂತ ಬಹಳ ಜನ ಕೇಳುತ್ತಾರೆ. ಫ್ರಿಜ್ಜಿನಿಂದ ತೆಗೆದ ತಂಬಿಗೆಯ ಹೊರಗೆ ಬೆವರು ಬರುತ್ತದಲ್ಲ, ಅದೇ. ಒಳಗಿನ ತಣ್ಣನೆಯ ಕಾಯಿಲ್ ಮೇಲೆ ಕೋಣೆಯ ಗಾಳಿ ಹಾದಾಗ ಗಾಳಿಯಲ್ಲಿನ ತೇವ ನೀರಾಗಿ ಕೆಳಗಿನ ಟ್ರೇಗೆ ಇಳಿಯುತ್ತದೆ. ಟ್ರೇಯಿಂದ ಪೈಪಿಗೆ, ಪೈಪಿನಿಂದ ಹೊರಗೆ. ಅದನ್ನು ತಳ್ಳುವ ಪಂಪು ಗಿಂಪು ಏನೂ ಇಲ್ಲ, ಇಳಿಜಾರೇ ಅದರ ಬಲ. ಪೈಪು ಎಲ್ಲಾದರೂ ಕಟ್ಟಿಕೊಂಡರೆ ಟ್ರೇ ತುಂಬಿ ನೀರು ಕೋಣೆಯೊಳಗೇ ಇಳಿಯುತ್ತದೆ. ನಮ್ಮ ಕಡೆ ಏಪ್ರಿಲ್, ಮೇ ತಿಂಗಳ ಗಾಳಿ ಒಣಒಣ. ಎ.ಸಿ. ಇಡೀ ದಿನ ಓಡಿದರೂ ಪೈಪಿನಿಂದ ಹನಿ ಹನಿ ಬಂದರೆ ಹೆಚ್ಚು. ಜೂನಿನಲ್ಲಿ ಎರಡು ಮಳೆ ಬಿದ್ದು ಸೆಕೆ ಶುರುವಾಯಿತೆಂದರೆ ಅದೇ ಪೈಪಿನಿಂದ ಬಕೆಟ್ಟುಗಟ್ಟಲೆ ನೀರು ಬರುತ್ತದೆ. ಸೋರುವ ಎ.ಸಿ.ಗಳೆಲ್ಲ ನನಗೆ ಫೋನು ಮಾಡಿಸುವುದು ಆಗಲೇ.

ಆ ವರ್ಷ ಜೂನಿನಲ್ಲಿ ಮಾಸ್ತರು ಬೆಳಿಗ್ಗೆಯೇ ಫೋನು ಮಾಡಿದರು.

"ಲಗು ಬಾರಪ್ಪಾ. ಮನಿ ತುಂಬ ನೀರಾಗ್ಯಾವ. ಸ್ವಿಚ್ ಬೋರ್ಡಿನ್ಯಾಗ ನೀರು ಇಳದು ಕರೆಂಟ್ ಬಂದ್ ಆಗೇದ. ಸ್ವಲ್ಪದರಾಗ ಉಳದೀವಿ."

ಹೋಗಿ ನೋಡಿದೆ. ಎ.ಸಿ.ಯ ಕೆಳಗಿನ ಹಾಸಿಗೆ ಒದ್ದೆ. ನೀರು ಗೋಡೆ ಹಿಡಿದು ಇಳಿದು ಬೋರ್ಡಿನೊಳಗೆ ಸೇರಿತ್ತು. ನಾನು ಮೇನ್ ಸ್ವಿಚ್ ಆರಿಸಿ, ಟ್ರೇ ನೋಡಿದೆ. ಅಂಚಿನ ತನಕ ತುಂಬಿತ್ತು. ಎ.ಸಿ. ವಾಲಿರಲಿಲ್ಲ, ಫಿಲ್ಟರ್ ಕಟ್ಟಿರಲಿಲ್ಲ, ಕಾಯಿಲ್ ಮೇಲೆ ಮಂಜುಗಡ್ಡೆಯೂ ಇರಲಿಲ್ಲ. ಅಂದರೆ ಪೈಪೇ ಕಟ್ಟಿದೆ. ಕೆಳಗೆ ಇಳಿದು ಗಲ್ಲಿಗೆ ಬಂದೆ. ಮಾಸ್ತರೂ ಹಿಂದೆಯೇ ಬಂದರು. ಪೈಪಿನ ಬಾಯಿಯಲ್ಲಿ ಒಂದು ಹನಿಯೂ ಇಲ್ಲ. ಇಕ್ಕಳ ಹಾಕಿದೆ. ಒಂದು ಬೆರಳಿನಷ್ಟು ಒಳಗೆ ಏನೋ ಮೆತ್ತಗೆ ಸಿಕ್ಕಿತು. ಎಳೆದೆ. ಮೊದಲು ಲೋಳೆ, ಆಮೇಲೆ ಒಂದು ಬಟ್ಟೆ, ಅದರ ಹಿಂದೆ ಭಸ್ಸೆಂದು ನೀರು. ನನ್ನ ಅಂಗಿಯೆಲ್ಲ ತೊಯ್ದಿತು.

ಬಟ್ಟೆಯನ್ನು ಬೆರಳಲ್ಲಿ ಉಜ್ಜಿದೆ. ಬೂದು ಲೋಳೆಯ ಕೆಳಗಿನಿಂದ ಗಾಢ ಹಸಿರು ಬಣ್ಣ ಬಂತು. ಅಂಚಿಗೆ ಜರಿ. ಬ್ಲೌಜ್ ಪೀಸಿನ ತುಂಡು.

ನಾನೂ ಮಾಸ್ತರೂ ಇಬ್ಬರೂ ಒಟ್ಟಿಗೇ ತಲೆ ತಿರುಗಿಸಿ ಪಕ್ಕದ ಬಾಗಿಲನ್ನು ನೋಡಿದೆವು. ಒಳಗೆ ಮಷೀನಿನ ಮುಂದೆ ಅಕ್ಕ ಕೂತಿದ್ದಳು. ಬಲಗೈಗೆ ಪಟ್ಟಿ ಸುತ್ತಿತ್ತು.

"ಕೈಗೆ ಏನಾಗ್ಯಾದ್ರಿ ಸರ್ ಆಕಿಗೆ?" ಮೇಲೆ ಬಂದ ಮೇಲೆ ಮೆಲ್ಲಗೆ ಕೇಳಿದೆ.

ಮಾಸ್ತರು ಹೇಳಿದರು. ನಾಲ್ಕು ದಿನದ ಹಿಂದೆ ಫರ್ಸಿಯ ಮೇಲಿನ ಪಾಚಿಗೆ ಕಾಲು ಜಾರಿ ಬಿದ್ದಳಂತೆ. ಮಣಿಕಟ್ಟು ಉಳುಕಿತು. ಬಿದ್ದವಳು ಎದ್ದು ನೇರ ಮೇಲೆ ಬಂದು, "ನಿಮ್ಮ ಎ.ಸಿ. ನೀರು ನನ್ನ ಬಾಗಿಲಾಗ ಬೀಳಾಕತ್ತದ. ನೀವು ಬಂದ್ ಮಾಡ್ತೀರೋ, ನಾನೇ ಬಂದ್ ಮಾಡ್ಲೋ?" ಅಂದಿದ್ದಳಂತೆ.

"ನಾನೇ ಬಂದ್ ಮಾಡ್ಲೋ ಅಂದಾಳ ನೋಡಪ್ಪಾ. ಬಾಯಿಲೇ ಅಂದಾಳ," ಎಂದು ಮಾಸ್ತರು ಆ ಚಿಂದಿಯನ್ನು ನನ್ನ ಕೈಯಿಂದ ತೆಗೆದುಕೊಂಡರು. ಒಂದು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಬಾಯಿ ಕಟ್ಟಿದರು. "ನೀ ಕಣ್ಣಿಲೆ ನೋಡೀದಿ. ಯಾರರ ಕೇಳಿದ್ರ ಹೇಳ್ಬೇಕು."

ಅವರ ಹೆಂಡತಿ ಒದ್ದೆ ಹಾಸಿಗೆ ಎತ್ತುತ್ತಿದ್ದವರು, "ಆಕಿ ಅಂಥಾಕಿ ಅಲ್ರಿ," ಎಂದರು. ಮಾಸ್ತರು, "ನಿನಗ ಎಲ್ಲಾರೂ ಛಲೋರೇ," ಎಂದರು. ನಾನು ತಲೆ ಅಲ್ಲಾಡಿಸಿದೆ. ಹೌದು ಅನ್ನುವ ಹಾಗೆಯೇ ಅಲ್ಲಾಡಿಸಿದೆ.

ಅಷ್ಟರಲ್ಲಿ ಮುಗಿಸಿದ್ದರೂ ಆಗುತ್ತಿತ್ತು. ನಾನು ಚೀಲ ಹೊತ್ತುಕೊಂಡು ಕೆಳಗೆ ಬಂದಾಗ ಅಕ್ಕ ಬಾಗಿಲಿಗೆ ಬಂದು, "ಏನಾಗಿತ್ತ ತಮ್ಮಾ?" ಎಂದು ಕೇಳಿದಳು. ಮೂರು ವರ್ಷದಿಂದ ನನಗೆ ನೀರು ಕೊಟ್ಟವಳು, ಸಣ್ಣ ಪುಟ್ಟ ಮಾತಾಡಿದವಳು. ನಾನು ಅವಳ ಮುಖ ನೋಡದೆ, "ಪೈಪಿನ್ಯಾಗ ಅರಿವಿ ಸಿಕ್ಕೊಂಡಿತ್ರಿ. ಅದು ತಾನೇ ಹೋಗಿ ಕುಂದ್ರೋದಲ್ಲ," ಎಂದೆ. ಅವಳಿಗೆ ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. ಅರ್ಥವಾದ ಮೇಲೆ ಅವಳು ತಿರುಗಿ ಒಳಗೆ ಹೋದಳು. ನಾನು ಬೈಕು ಹತ್ತಿದೆ.

ನಾಲ್ಕು ದಿನಕ್ಕೆ ಮತ್ತೆ ಅದೇ ಗಲ್ಲಿಗೆ ಬೇರೆ ಮನೆಯ ಕೆಲಸಕ್ಕೆ ಹೋದೆ. ಆ ಮನೆಯ ಯಜಮಾನಿ ನಾನು ಕೂರುವ ಮೊದಲೇ ಕೇಳಿದಳು: "ಮಾಸ್ತರ ಪೈಪಿನ್ಯಾಗ ಅರಿವಿ ತುರುಕಿದ್ದು ನಿಮಗೇ ಸಿಕ್ತಂತಲ್ರಿ? ಕರೆಂಟ್ ಹಿಡಿದು ಮುದುಕರು ಸಾಯಲಿ ಅಂತನ ಮಾಡಿದ್ಲಂತ." ಅವಳ ಅತ್ತೆ ಒಳಗಿನಿಂದ, "ಎಡಗೈಲೆ ತುರುಕ್ಯಾಳ," ಎಂದಳು. ಬಲಗೈ ಉಳುಕಿದವಳು ಹೇಗೆ ತುರುಕಿಯಾಳು ಅಂತ ಯಾರೋ ಕೇಳಿರಬೇಕು. ಅದಕ್ಕೂ ಗಲ್ಲಿಯಲ್ಲಿ ಉತ್ತರ ತಯಾರಾಗಿತ್ತು.

ಮಾಸ್ತರ ಮನೆಯ ಗೋಡೆಗೆ ಹೊಸ ಸಿ.ಸಿ. ಕ್ಯಾಮೆರಾ ಬಂದಿತ್ತು. ಪೈಪಿನ ಬಾಯಿಯ ಮೇಲೆ ಕಣ್ಣಿಡಲು ಹಾಕಿದ್ದು. ಆದರೆ ಪೈಪಿನ ಪಕ್ಕದಲ್ಲಿ ಅಕ್ಕನ ಬಾಗಿಲು. ಅಳತೆ ಕೊಡಲು ಬರುವ ಹೆಂಗಸರೆಲ್ಲ ಅದರ ಕೆಳಗೇ ನಿಲ್ಲಬೇಕು. ಮೊದಲು ಒಬ್ಬಿಬ್ಬರು ಮುಜುಗರಪಟ್ಟರು, ಆಮೇಲೆ ಬರುವುದನ್ನೇ ಬಿಟ್ಟರು. ಅಕ್ಕ ಬಾಗಿಲಿಗೆ ದಪ್ಪ ಪರದೆ ಇಳಿಬಿಟ್ಟಿದ್ದಳು. ಪರದೆಯ ಹಿಂದೆ ಹಗಲಲ್ಲೂ ದೀಪ ಉರಿಯುತ್ತಿತ್ತು. ಶ್ರಾವಣ ಮುಗಿಯುವುದರೊಳಗೆ ಮನೆ ಖಾಲಿ ಮಾಡಬೇಕೆಂದು ಮಾಸ್ತರು ಹೇಳಿಯಾಗಿತ್ತು.

ಇಷ್ಟಾದರೂ ನನಗೆ ಅವಳ ಮೇಲಿನ ಸಂಶಯ ಹೋಗಿರಲಿಲ್ಲ. ನಿಜ ಹೇಳಬೇಕೆಂದರೆ ಒಂಥರಾ ಸಮಾಧಾನವೂ ಇತ್ತು. ಎಷ್ಟೋ ಮನೆಗಳಲ್ಲಿ ಕಳ್ಳನಂತೆ ನೋಡಿಸಿಕೊಂಡವನಿಗೆ, ಇಲ್ಲಿ ಮಾತ್ರ ಕಳ್ಳನನ್ನು ಹಿಡಿದುಕೊಟ್ಟವನ ಮರ್ಯಾದೆ ಸಿಕ್ಕಿತ್ತು.

ವಾರದ ನಂತರ ಚಿತ್ತಾಪುರದ ಒಂದು ಫೋಟೋ ಸ್ಟುಡಿಯೋಗೆ ಹೋಗಿದ್ದೆ. ಅಲ್ಲಿ ಗೋಡೆಯೊಳಗೆ ತೇವ ಕಾಣಿಸಿಕೊಂಡಿತ್ತು. ಒಳ ಯೂನಿಟ್ಟಿನ ನಳಿಗೆ ಮತ್ತು ಹೊರಗಿನ ಪೈಪು ಸೇರುವ ಜಾಗ ಗೋಡೆಯ ತೂತಿನೊಳಗೇ ಇರುತ್ತದೆ. ಅಲ್ಲಿ ಸೋರಿದರೆ ಕಣ್ಣಿಗೆ ಕಾಣುವುದಿಲ್ಲ. ಅದನ್ನು ಪತ್ತೆ ಮಾಡಲು ನನ್ನದೊಂದು ವಿಧಾನವಿದೆ. ಹೊರಗೆ ಪೈಪಿನ ಬಾಯಿಗೆ ಬಟ್ಟೆ ತುರುಕುತ್ತೇನೆ. ಮೇಲೆ ಟ್ರೇಗೆ ನಿಧಾನವಾಗಿ ನೀರು ಹಾಕುತ್ತೇನೆ. ಪೈಪು ತುಂಬಿ ನಿಂತಾಗ ಜೋಡಣೆ ಸಡಿಲವಿದ್ದರೆ ಅಲ್ಲಿ ಹನಿ ಒಸರುತ್ತದೆ. ನೋಡಿಕೊಂಡ ಮೇಲೆ ಕೆಳಗೆ ಹೋಗಿ ಬಟ್ಟೆ ಕಿತ್ತರೆ, ನಿಂತ ನೀರೆಲ್ಲ ಒಮ್ಮೆಲೇ ಇಳಿದು ಒಳಗಿನ ಲೋಳೆಯನ್ನೂ ಎಳೆದುಕೊಂಡು ಹೋಗುತ್ತದೆ. ಒಂದೇ ಏಟಿಗೆ ಎರಡು ಕೆಲಸ.

ಚೀಲದಿಂದ ಒಂದು ಬಟ್ಟೆ ತೆಗೆದೆ. ಉದ್ದಕ್ಕೆ ಹೊಸೆದೆ. ಇಕ್ಕಳಕ್ಕೆ ಸಿಗಲೆಂದು ಒಂದು ತುದಿಗೆ ಗಂಟು ಹಾಕಿದೆ. ಸ್ಕ್ರೂಡ್ರೈವರಿನಿಂದ ಒಂದು ಬೆರಳಿನಷ್ಟು ಒಳಗೆ ತಳ್ಳಿದೆ. ತಳ್ಳಿದ ಕೈ ಅಲ್ಲೇ ನಿಂತಿತು.

ನೀಲಿ ಬ್ಲೌಜ್ ಪೀಸಿನ ತುಂಡು ಅದು. ನನ್ನ ಚೀಲದಲ್ಲಿ ಅಂಥವು ಹತ್ತಿಪ್ಪತ್ತು ಇದ್ದವು: ಕೆಂಪು, ಹಳದಿ, ಜರಿ ಇರುವವು, ಇಲ್ಲದವು. ಕೈ ಒರೆಸಲು, ಕಾಯಿಲ್ ಒರೆಸಲು. ಅವನ್ನು ನನಗೆ ಕೊಟ್ಟವಳು ಆ ಅಕ್ಕನೇ. ಬೇಸಿಗೆಯ ಶುರುವಿನಲ್ಲಿ, ಯುಗಾದಿಗೆ ಸ್ವಲ್ಪ ಮುಂಚೆ, ಮಾಸ್ತರ ಎ.ಸಿ. ಸರ್ವಿಸಿಗೆ ಹೋದ ದಿನ ನಾನು ಕೈಯನ್ನು ಪ್ಯಾಂಟಿಗೆ ಒರೆಸಿಕೊಳ್ಳುವುದನ್ನು ನೋಡಿ, "ಅಯ್ಯ ತಮ್ಮಾ, ಛಲೋ ಪ್ಯಾಂಟ್ ಹಾಳ್ ಮಾಡ್ಕೋತಿ, ತೊಗೊ," ಎಂದು ಒಂದು ಚೀಲ ಚಿಂದಿ ಕೊಟ್ಟಿದ್ದಳು.

ಆ ದಿನ ನಾನು ಮಾಸ್ತರ ಪೈಪಿಗೂ ಇದೇ ಪರೀಕ್ಷೆ ಮಾಡಿದ್ದೆ. ಕೆಳಗೆ ಬಟ್ಟೆ ತುರುಕಿ ಮೇಲೆ ಹೋಗಿ ನೀರು ಹಾಕಿದ್ದು ನೆನಪಾಯಿತು. ಜೋಡಣೆ ಸರಿಯಿದೆ ಅಂತ ನೋಡಿದ್ದು ನೆನಪಾಯಿತು. ಅಷ್ಟರಲ್ಲಿ ವಾಡಿಯ ಒಂದು ನರ್ಸಿಂಗ್ ಹೋಮಿನಿಂದ ಫೋನು ಬಂದಿತ್ತು, ಅಲ್ಲಿಯ ಎ.ಸಿ. ನಿಂತಿದೆ ಅಂತ. ಮಾಸ್ತರ ಹೆಂಡತಿ ಕೊಟ್ಟ ಚಹಾವನ್ನು ಅರ್ಧ ಕುಡಿದು ಓಡಿದ್ದು ನೆನಪಾಯಿತು. ಬಟ್ಟೆ ಕಿತ್ತದ್ದು ಮಾತ್ರ ಎಷ್ಟು ತಡಕಿದರೂ ನೆನಪಾಗಲಿಲ್ಲ.

ಸ್ಟುಡಿಯೋದ ಗೋಡೆಗೆ ಒರಗಿ ನಿಂತೆ. ಒಂದೊಂದೇ ಸರಿಯಾಗಿ ಕೂಡುತ್ತ ಬಂತು. ಒಣ ಬೇಸಿಗೆಯಲ್ಲಿ ಬರುವ ನಾಲ್ಕು ಹನಿ ಬಟ್ಟೆಯಲ್ಲೇ ಒಸರಿ ಹೊರಗೆ ಹೋಗುತ್ತದೆ, ಯಾರಿಗೂ ಏನೂ ಗೊತ್ತಾಗುವುದಿಲ್ಲ. ದಿನ ಕಳೆದಂತೆ ಧೂಳು, ಲೋಳೆ ಬಂದು ಬಟ್ಟೆಗೆ ಮೆತ್ತಿಕೊಳ್ಳುತ್ತವೆ. ಜೂನಿನಲ್ಲಿ ನೀರು ಹೆಚ್ಚಿದಾಗ ಮೊದಲ ಕೆಲವು ದಿನ ಹೇಗೋ ಒಸರಿ ಫರ್ಸಿಯ ಮೇಲೆ ಬೀಳುತ್ತದೆ, ಆಮೇಲೆ ದಾರಿ ಪೂರ್ತಿ ಮುಚ್ಚಿಕೊಳ್ಳುತ್ತದೆ. ಇನ್ನೊಂದು ಮಾತು, ನಾನು ಮೊದಲೇ ನೋಡಬೇಕಾಗಿದ್ದದ್ದು: ನಾನು ಎಳೆದ ಚಿಂದಿಯ ಮೇಲೆ ಬೆರಳು ಮುಳುಗುವಷ್ಟು ಲೋಳೆ ಇತ್ತು. ನಾಲ್ಕು ದಿನದ ಹಿಂದೆ ತುರುಕಿದ ಬಟ್ಟೆಗೆ ಅಷ್ಟು ಲೋಳೆ ಹಿಡಿಯುವುದಿಲ್ಲ, ಅದಕ್ಕೆ ತಿಂಗಳುಗಳು ಬೇಕು. ಇಡೀ ಗಲ್ಲಿಯಲ್ಲಿ ಇದು ಗೊತ್ತಿದ್ದವನು ನಾನೊಬ್ಬನೇ. ನಾನು ಬಣ್ಣ ನೋಡಿದೆ, ಲೋಳೆ ನೋಡಲಿಲ್ಲ.

ಆಗಲೂ ನಾನು ನೇರ ಹೋಗಿ ಹೇಳಲಿಲ್ಲ. ಮೂರು ದಿನ ಸುಮ್ಮನಿದ್ದೆ. ಹೇಳಿದರೆ ಶಹಾಬಾದದಲ್ಲಿ ಇನ್ನು ಯಾರು ನನ್ನನ್ನು ಕರೆದಾರು? ಒಂದು ಉಪಾಯ ಮಾಡಿದೆ. ಪೈಪನ್ನೇ ಸರಿ ಮಾಡಿಬಿಟ್ಟರೆ ಜಗಳದ ಬೇರೇ ಕಿತ್ತುಹೋಗುತ್ತದೆ, ಉಳಿದದ್ದು ತಾನಾಗಿ ತಣ್ಣಗಾಗುತ್ತದೆ ಅಂದುಕೊಂಡೆ. ಕರೆಯದೆಯೇ ಮಾಸ್ತರ ಮನೆಗೆ ಹೋದೆ. ಜೋಲು ಬಿದ್ದಿದ್ದ ಮೆತ್ತನೆಯ ಪೈಪು ಕಿತ್ತು ಗಟ್ಟಿ ಪಿ.ವಿ.ಸಿ. ಪೈಪು ಹಾಕಿದೆ. ಗೋಡೆಯುದ್ದಕ್ಕೆ ಎಲ್ಲೂ ತಗ್ಗು ಬೀಳದ ಹಾಗೆ ಇಳಿಜಾರು ಕೊಟ್ಟು, ಹತ್ತಿರ ಹತ್ತಿರ ಕ್ಲಿಪ್ಪು ಬಡಿದೆ. ಮೇಲೆ, ಮುಂದೆ ತೊಳೆಯಲು ಅನುಕೂಲವಾಗಲೆಂದು, ಮುಚ್ಚಳವಿರುವ ಒಂದು ಕವಲು ಬಿಟ್ಟೆ. ತುದಿಯನ್ನು ಅಕ್ಕನ ಬಾಗಿಲಿನಿಂದ ದೂರ, ಮೂಲೆಯ ಗಟಾರದ ತನಕ ಒಯ್ದೆ. ಗಟಾರದ ನೀರಿನಲ್ಲಿ ಮುಳುಗಿಸಲಿಲ್ಲ. ಬಾಯಿ ಮುಳುಗಿದರೆ ಒಳಗಿನ ಗಾಳಿಗೆ ಹೋಗಲು ದಾರಿಯಿಲ್ಲದೆ ನೀರು ಮತ್ತೆ ನಿಲ್ಲುತ್ತದೆ, ಹುಳಹುಪ್ಪಟೆಯೂ ಸೇರುತ್ತದೆ. ಒಂದು ಗೇಣು ಮೇಲೆ ಬಿಟ್ಟು ಜಾಲರಿ ಕಟ್ಟಿದೆ. ಫರ್ಸಿಯ ಪಾಚಿಯನ್ನು ಬ್ಲೀಚಿಂಗ್ ಪುಡಿ ಹಾಕಿ ತಿಕ್ಕಿ ತೊಳೆದೆ.

ಕ್ಯಾಮೆರಾ ನನ್ನ ಬೆನ್ನ ಹಿಂದೆ ಎಲ್ಲವನ್ನೂ ನೋಡುತ್ತಿತ್ತು.

ತಿಕ್ಕುತ್ತಿದ್ದಾಗ ಪರದೆ ಸರಿಯಿತು. ಅಕ್ಕ ಹೊಸ್ತಿಲ ಒಳಗೇ ನಿಂತಳು, ಹೊರಗೆ ಕಾಲಿಡಲಿಲ್ಲ.

"ಇಷ್ಟು ದಿನ ಇಲ್ಲದ್ದು ಇವತ್ತ್ಯಾಕ ಮಾಡಾಕತ್ತೀದಿ?" ಎಂದಳು.

"ನೀರು ನಿಮ್ಮ ಬಾಗಿಲಾಗ ಬೀಳಬಾರದಂತ್ರಿ."

"ನಾ ಬೀಳೂಕಿಂತ ಮೊದಲು ಬೀಳಬಾರದಂತ ಅನಿಸ್ಲಿಲ್ಲೇನು?" ಆಮೇಲೆ ಕೇಳಿದಳು: "ತಮ್ಮಾ, ಖರೇ ಹೇಳು. ನಾನೇ ತುರುಕೀನಿ ಅಂತ ನೀನೂ ತಿಳ್ಕೊಂಡೀಯೇನು?"

ಕೈಯಲ್ಲಿದ್ದ ಬ್ರಷ್ಷು ಕೆಳಗಿಟ್ಟೆ. "ಇಲ್ರಿ ಅಕ್ಕ. ತುರುಕಿದಾಂವ ನಾನೇ."

ನಾನು ಹೇಳಿ ಮುಗಿಸುವ ತನಕ ಅವಳು ನನ್ನ ಮುಖವನ್ನೇ ನೋಡಿದಳು. ಬೈಯುತ್ತಾಳೆ ಅಂದುಕೊಂಡಿದ್ದೆ. ಬೈಯಲಿಲ್ಲ. ಪಟ್ಟಿ ಸುತ್ತಿದ ಕೈಯನ್ನು ಇನ್ನೊಂದು ಕೈಯಿಂದ ಹಿಡಿದುಕೊಂಡು, "ನಾ ಕೊಟ್ಟ ಚಿಂದಿ," ಎಂದಳು. "ಮ್ಯಾಲೆ ಹೋಗಿ ಹೇಳು ನಡಿ."

ಮೇಲೆ ಮಾಸ್ತರು ಪೇಪರ್ ಓದುತ್ತಿದ್ದರು. ನಿಂತೇ ಹೇಳಿದೆ. ಅವರು ಕನ್ನಡಕ ತೆಗೆದು ನನ್ನನ್ನು ಬಹಳ ಹೊತ್ತು ನೋಡಿದರು.

"ಯಾರು ಕಳಿಸ್ಯಾರ ನಿನ್ನ?"

"ಯಾರೂ ಕಳಿಸಿಲ್ರಿ ಸರ್."

"ಆಕಿ ಏನು ಹೇಳಿದ್ಲು ನಿನಗ? ಅಳಕೋತ ಹೇಳಿದ್ಲೇನು? ಇಷ್ಟು ದಿನ ಬಾಯಿ ಮುಚ್ಕೊಂಡಿದ್ದಾಂವ ಇವತ್ತ ಪುಕ್ಕಟೆ ಪೈಪು ಹಾಕ್ತಿ, ಕಲ್ಲು ತೊಳೀತಿ, ಮ್ಯಾಲೆ ಬಂದು ತಪ್ಪು ನಂದಂತಿ. ನಾ ಮೂವತ್ತು ವರ್ಷ ಹುಡುಗರ ಸುಳ್ಳು ಕೇಳೀನಪ್ಪಾ."

ನಿಜ ಹೇಳಿದಾಗ ನಂಬದೆ, ಸುಮ್ಮನಿದ್ದಾಗ ನಂಬಿದವರ ಮುಂದೆ ಏನು ಮಾಡಬೇಕು? "ಆ ಚೀಲ ತರ್ರಿ ಸರ್," ಎಂದೆ. ಅವರು ಕಪಾಟಿನಿಂದ ತಂದರು. ಬಾಯಿ ಕಟ್ಟಿದ್ದು ಕಟ್ಟಿದ ಹಾಗೇ ಇತ್ತು. ಒಳಗೆ ಚಿಂದಿ ಕೊಳೆತ ವಾಸನೆ ಬರುತ್ತಿತ್ತು. ನಾನು ಅದನ್ನು ಬಿಡಿಸಿ ಪೇಪರಿನ ಮೇಲೆ ಇಟ್ಟೆ. ಒಂದು ತುದಿಗೆ ಗಂಟು ಇತ್ತು. ಆಮೇಲೆ ನನ್ನ ಚೀಲದಿಂದ ಒಂದು ಕೆಂಪು ಚಿಂದಿ ತೆಗೆದು, ಅವರ ಕಣ್ಣೆದುರಿಗೆ ಹೊಸೆದು ಗಂಟು ಹಾಕಿ ಪಕ್ಕದಲ್ಲಿ ಇಟ್ಟೆ. ಸ್ಟುಡಿಯೋದ ಪೈಪಿಗೆ ಹಾಕಿದ್ದ ನೀಲಿಯದನ್ನೂ ಇಟ್ಟೆ. ಮೂರೂ ಒಂದೇ ಕೈಯವು.

ಬಾಗಿಲಲ್ಲಿ ನಿಂತಿದ್ದ ಅವರ ಹೆಂಡತಿ ಹೇಳಿದರು: "ಅವತ್ತ ಈ ಹುಡುಗ ಕೆಳಗಿಂದ ಕೂಗಿದ್ದ ನನಗ ನೆನಪದ. ಪೈಪಿನ ಬಾಯಿ ಮುಚ್ಚೀನಿ, ಎ.ಸಿ. ಹಚ್ಚಬ್ಯಾಡ್ರಿ ಅಮ್ಮಾರ ಅಂತ. ತೆಗದೀನಿ ಅಂತ ಮತ್ತ ಹೇಳಲೇ ಇಲ್ಲ. ಚಹಾನೂ ಅರ್ಧ ಬಿಟ್ಟು ಹೋದ."

"ಇದನ್ನ ಮೊದಲೇ ಹೇಳೂಕ ಏನಾಗಿತ್ತು?" ಎಂದು ಮಾಸ್ತರು ಅವರ ಮೇಲೆ ಹರಿಹಾಯ್ದರು.

"ನೀವು ಕೇಳಿದ್ರೇನು?"

ಮಾಸ್ತರು ಆ ಮೂರು ಚಿಂದಿಗಳನ್ನು ಪೇಪರಿನಲ್ಲೇ ಸುತ್ತಿ ಕಸದ ಬುಟ್ಟಿಗೆ ಹಾಕಿದರು. ನನಗೆ ಹೋಗು ಅಂತಲೂ ಅನ್ನಲಿಲ್ಲ, ಕೂರು ಅಂತಲೂ ಅನ್ನಲಿಲ್ಲ. ನಾನು ಇಳಿದು ಬಂದೆ. ಮರುದಿನ ಕ್ಯಾಮೆರಾ ಗಲ್ಲಿಯ ಬಾಯಿಯ ಕಡೆ ತಿರುಗಿತ್ತು ಅಂತ ಆಮೇಲೆ ಗೊತ್ತಾಯಿತು. ಮಾಸ್ತರು ಕೆಳಗೆ ಬಂದು ಅಕ್ಕನ ಕ್ಷಮೆ ಕೇಳಿದರು ಅಂತ ಮಾತ್ರ ಯಾರೂ ಹೇಳಲಿಲ್ಲ.

ಇಳಿದು ಬಂದವನನ್ನು ಅಕ್ಕ ತಡೆದಳು. "ಮ್ಯಾಲೆ ಹೇಳಿ ಬಂದಿ, ಛಲೋ ಆತು. ಗಲ್ಲಿಗೆ ಯಾರು ಹೇಳೋರು?"

ಹಾಗೆ ನಾನು ಆ ಗಲ್ಲಿಯ ಮನೆಮನೆಗೆ ಹೋದೆ. ಮೊದಲ ಮನೆಯ ಬಾಗಿಲು ಬಡಿದೆ. "ಮಾಸ್ತರ ಪೈಪಿನ್ಯಾಗ ಅರಿವಿ ಮರೆತು ಬಿಟ್ಟಾಂವ ನಾನ್ರಿ, ಆ ಅಕ್ಕನದು ಏನೂ ತಪ್ಪಿಲ್ಲ," ಅಂದೆ. ಆ ಮನೆಯ ಮುದುಕ ನಕ್ಕುಬಿಟ್ಟ. ಎರಡನೆಯ ಮನೆಯವನು, "ಹಂಗಾರ ನಮ್ಮನಿ ಪೈಪಿನ್ಯಾಗ ಏನು ಬಿಟ್ಟೀದಿ?" ಎಂದು ಕೇಳಿ, ಇನ್ನು ಬರಬೇಡ ಎಂದ. ಅವನು ಈಗಲೂ ಬೇರೆಯವರನ್ನು ಕರೆಯುತ್ತಾನೆ. ಮೂರನೆಯ ಮನೆಯಲ್ಲಿ ಒಬ್ಬ ಹೆಂಗಸು ನನ್ನ ಮಾತನ್ನು ಪೂರ್ತಿ ಕೇಳಿ, ಪಕ್ಕದವಳಿಗೆ, "ಆಕಿ ಏನೋ ತಿನ್ನಿಸ್ಯಾಳ ಇವಗ," ಎಂದಳು. ಕೊನೆಯ ಮನೆ, ಎಡಗೈಲೆ ತುರುಕಿದ್ದಾಳೆ ಅಂದಿದ್ದ ಅತ್ತೆಯ ಮನೆ. ಆ ಮುದುಕಿ ಕಣ್ಣು ಕೂಡ ಮಿಟುಕಿಸದೆ ಹೇಳಿದಳು: "ನಮಗ ಮೊದಲೇ ಗೊತ್ತಿತ್ತು. ಆಕಿ ಅಂಥಾಕಿ ಅಲ್ಲ."

ತಿರುಗಿ ಬಂದು ಅಕ್ಕನಿಗೆ ಎಲ್ಲ ಹೇಳಿದೆ. ಅವಳಿಗೆ ನಗು ಬಂತು, ಸ್ವಲ್ಪ ಮಾತ್ರ. "ಇನ್ನ ಮನಿ ಬಿಡೋದು ಬ್ಯಾಡ ಅನ್ನಬಹುದ್ರಿ ಮಾಸ್ತರು," ಎಂದೆ.

"ಅವರು ಬ್ಯಾಡ ಅಂದ್ರೂ ನಾ ಇರಂಗಿಲ್ಲ ತಮ್ಮಾ. ಇವತ್ತ ನೀ ಬಂದು ಹೇಳ್ದಿ. ನಾಳಿ ಮತ್ತೇನರ ಕೆಡ್ತದ, ಏನರ ಕಳೀತದ. ಆಗ ಯಾರು ಬರ್ತಾರ?"

ಶ್ರಾವಣದ ಕೊನೆಗೆ ಅವಳು ಸ್ಟೇಷನ್ ರಸ್ತೆಯಲ್ಲಿ ಒಂದು ಕೋಣೆ ಹಿಡಿದಳು. ಗಂಡನಿಗೆ ಆ ದಿನ ರಜೆ ಸಿಕ್ಕಿರಲಿಲ್ಲ. ಮಷೀನನ್ನು ಆಟೋದಲ್ಲಿ ಏರಿಸಲು ನಾನೂ ಕೈ ಹಚ್ಚಿದೆ. ಅವಳು ಬೇಡ ಅನ್ನಲಿಲ್ಲ. ಥ್ಯಾಂಕ್ಸ್ ಅಂತಲೂ ಅನ್ನಲಿಲ್ಲ.

ಮುಂದಿನ ಬೇಸಿಗೆಗೆ ಮಾಸ್ತರು ಮತ್ತೆ ನನ್ನನ್ನೇ ಕರೆದರು. ನನಗೆ ಆಶ್ಚರ್ಯವಾಯಿತು. ಕೆಲಸ ಮುಗಿಯುವ ತನಕ ಪಕ್ಕದಲ್ಲೇ ನಿಂತಿದ್ದರು. ಟ್ರೇಗೆ ಎರಡು ಚೊಂಬು ನೀರು ಹಾಕಿಸಿ, ತಾವೇ ಕೆಳಗಿಳಿದು ಗಟಾರದ ಹತ್ತಿರ ಬಗ್ಗಿ ನೀರು ಬೀಳುವುದನ್ನು ನೋಡಿ, ಮೇಲೆ ಬಂದು, "ಹಾಂ, ಬರಾಕತ್ತದ," ಎಂದರು. ನನಗೆ ಸಿಟ್ಟು ಬರಲಿಲ್ಲ. ಹಾಗೆ ನೋಡಬೇಕಾದದ್ದೇ. ಈಗ ನಾನೇ ಎಲ್ಲ ಮನೆಯವರಿಗೂ ಹೇಳುತ್ತೇನೆ, ನೀರು ಹೊರಗೆ ಬಿದ್ದದ್ದನ್ನು ಕಣ್ಣಾರೆ ನೋಡಿ ಆಮೇಲೆ ನನ್ನನ್ನು ಕಳಿಸ್ರಿ ಅಂತ.

ಮಾಸ್ತರು ಸ್ನಾನಕ್ಕೆ ಹೋದಾಗ ಅವರ ಹೆಂಡತಿ ಅಡುಗೆಮನೆಯಿಂದ ಸನ್ನೆ ಮಾಡಿ ಕರೆದರು. ಕೈಯಲ್ಲಿ ಒಂದು ಸಣ್ಣ ಚೀಲವಿತ್ತು.

"ಆಕಿ ಎಲ್ಲಿರ್ತಾಳ ನಿನಗ ಗೊತ್ತದಲ್ಲ? ಕೈ ಆರಾಮಾಗೇದೇನು? ಇದರಾಗ ಎರಡು ಬ್ಲೌಜ್ ಪೀಸ್ ಅವ. ಅಳತಿ ಆಕಿ ಹತ್ರ ಅದ. ಕೊಟ್ಟು ಬಾ."

ಚೀಲಕ್ಕೆ ಕೈ ಚಾಚಿದವನು ಹಿಂದಕ್ಕೆ ತೆಗೆದುಕೊಂಡೆ. "ನೀವೇ ಬರ್ರಿ ಅಮ್ಮಾರ. ಗಾಡಿ ಮ್ಯಾಲೆ ಐದು ಮಿನಿಟು. ವಾಪಸ್ ತಂದು ಬಿಡ್ತೀನಿ."

ಅವರು ಬಚ್ಚಲಿನ ಕಡೆ ನೋಡಿದರು. ನೀರಿನ ಸಪ್ಪಳ ಕೇಳುತ್ತಿತ್ತು. ಸೆರಗು ತಲೆಯ ಮೇಲೆ ಎಳೆದುಕೊಂಡು, ಚಪ್ಪಲಿ ಕೈಯಲ್ಲಿ ಹಿಡಿದು ಮೆಟ್ಟಿಲಿಳಿದರು. ಕೆಳಗೆ ಬಂದ ಮೇಲೆಯೇ ಹಾಕಿಕೊಂಡರು. ಬೈಕಿನ ಹಿಂದೆ ಒಂದು ಬದಿಗೆ ಕೂತು, ಚೀಲವನ್ನು ಎದೆಗೆ ಅವುಚಿಕೊಂಡರು.

ಸ್ಟೇಷನ್ ರಸ್ತೆಯ ಕೋಣೆಯ ಬಾಗಿಲು ತೆರೆದೇ ಇತ್ತು. ಪರದೆ ಇರಲಿಲ್ಲ. ಒಳಗೆ ಇಬ್ಬರು ಹುಡುಗಿಯರು ಅಳತೆ ಕೊಡಲು ನಿಂತಿದ್ದರು. ಅಕ್ಕ ತಲೆಯೆತ್ತಿ ಮೊದಲು ನನ್ನನ್ನು ನೋಡಿದಳು. ಆಮೇಲೆ ನನ್ನ ಹಿಂದೆ ನಿಂತವರನ್ನು. ಮಷೀನು ನಿಲ್ಲಿಸಿದಳು. ಮಾಸ್ತರ ಹೆಂಡತಿ ಹೊಸ್ತಿಲ ಹೊರಗೇ ನಿಂತು, "ಕೈ ನೋಯ್ತದೇನವಾ ಇನ್ನ?" ಎಂದರು.

"ಥಂಡಿ ಇದ್ರ ಸ್ವಲ್ಪ," ಎಂದಳು ಅಕ್ಕ. ಕುರ್ಚಿಯ ಮೇಲೆ ಪೇರಿಸಿದ್ದ ಹೊಲಿದ ಬಟ್ಟೆಗಳನ್ನು ಎತ್ತಿ ಮಂಚದ ಮೇಲೆ ಹಾಕಿದಳು. "ಒಳಗ ಬರ್ರಿ. ಕುಂದ್ರಿ."